ನಡೆದ ಪಾಠ ಎಷ್ಟು, ಮೊದಲು ಅದನ್ನು ಎಣಿಸಿ

ಕಳೆದ ಭಾನುವಾರ ನೀವು ನಾಲ್ವರು ಮನೆಗೆ ಬಂದು ಕೊಟ್ಟುಹೋದ ಹನ್ನೊಂದು ಪುಟಗಳನ್ನು ಎರಡು ಸಲ ಓದಿದೆ. ಮಾಲೂರಿನಿಂದ ಒಬ್ಬ, ಮುಳಬಾಗಿಲಿನಿಂದ ಒಬ್ಬ, ಶ್ರೀನಿವಾಸಪುರದವಳೊಬ್ಬಳು, ಕೋಲಾರ ಪೇಟೆಯವಳೊಬ್ಬಳು. ಬಿಸಿಎ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ಹಾಜರಿ ಆ್ಯಪ್ ಮಾಡುತ್ತೇವೆ ಅಂತ ಹೊರಟಿದ್ದೀರಿ. ವಿಷಯ ಹಳೆಯದು ಅಂತ ಯಾರಾದರೂ ಮೂಗು ಮುರಿದರೆ ತಲೆ ಕೆಡಿಸಿಕೊಳ್ಳಬೇಡಿ. ನನಗೆ ಬೇಸರವಾದದ್ದು ಬೇರೆ ಕಡೆ. ನಿಮ್ಮ ಪ್ರಸ್ತಾವನೆಯಲ್ಲಿ ಮುಖ ಗುರುತಿಸುವುದಿದೆ, ಜಿಪಿಎಸ್ ಇದೆ, ಕ್ಯೂಆರ್ ಕೋಡ್ ಇದೆ, ಅಪ್ಪ ಅಮ್ಮನಿಗೆ ಎಸ್ಸೆಮ್ಮೆಸ್ ಹೋಗುವುದೂ ಇದೆ. ಶೇಕಡಾವಾರು ಲೆಕ್ಕ ಹಾಕುವ ಬಗ್ಗೆ ಮಾತ್ರ ಒಂದೇ ಒಂದು ಸಾಲಿದೆ: 'ಶೇಕಡಾವಾರು ತಾನಾಗಿಯೇ ಬರುತ್ತದೆ.'

ಅದು ತಾನಾಗಿ ಬರುವುದಿಲ್ಲ. ಮೂವತ್ತು ವರ್ಷ ಪಾಠ ಹೇಳಿದವನು ನಾನು, ಹಾಜರಿ ಪುಸ್ತಕದ ಜೊತೆ ಸಂಸಾರ ಮಾಡಿದವನು. ಇಂಥ ದಿನ ಇಂಥವನು ಬಂದಿದ್ದನೋ ಇಲ್ಲವೋ ಅಂತ ಜಗಳವಾದದ್ದು ಬೆರಳೆಣಿಕೆಯಷ್ಟು ಸಲ. ಜಗಳ ಏಳುವುದು ಸೆಮಿಸ್ಟರಿನ ಕೊನೆಯಲ್ಲಿ, ಹಾಜರಿ ಕೊರತೆಯವರ ಪಟ್ಟಿಯನ್ನು ನೋಟೀಸ್ ಬೋರ್ಡಿಗೆ ಅಂಟಿಸಿದ ಬೆಳಗ್ಗೆ. 'ಸಾರ್, ನನ್ನ ಹೆಸರು ಹೇಗೆ ಬಂತು?' ಅಂತ ಹುಡುಗರು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಲ್ಲುತ್ತಾರೆ. ವಿಚಾರಿಸಿ ನೋಡಿದರೆ, ಅವನು ಎಷ್ಟು ಪಾಠಕ್ಕೆ ಬಂದಿದ್ದ ಅನ್ನುವುದರಲ್ಲಿ ತಕರಾರಿರುವುದಿಲ್ಲ. ಎಷ್ಟು ಪಾಠ ನಡೆದವು ಅನ್ನುವುದರಲ್ಲಿ ಇರುತ್ತದೆ. ಹೈಸ್ಕೂಲಿನಲ್ಲಿ ಅಂಶ, ಛೇದ ಅಂತ ಓದಿದ್ದೀರಲ್ಲ. ನಿಮ್ಮ ಹನ್ನೊಂದು ಪುಟವೂ ಅಂಶದ ಹಿಂದೆ ಓಡಿವೆ. ತಗಾದೆ ಇರುವುದು ಛೇದದಲ್ಲಿ.

ಹಳೆಯ ಹಾಜರಿ ಪುಸ್ತಕವನ್ನು ಒಮ್ಮೆ ತೆರೆದು ನೋಡಿ. ನಮ್ಮ ಕಡೆ ಬಹಳ ಮೇಷ್ಟ್ರುಗಳು ಬಂದವರಿಗೆ ಬರೀ ಗುರುತು ಹಾಕುವುದಿಲ್ಲ, ಏರುವ ಅಂಕಿ ಬರೆಯುತ್ತಾರೆ. ಮೊದಲ ದಿನ ಬಂದರೆ 1, ಮರುದಿನ ಬಂದರೆ 2, ಆಮೇಲಿನ ದಿನ ಬರದಿದ್ದರೆ A, ಅದರ ಮುಂದಿನ ದಿನ ಬಂದರೆ 3. ಸಾಲಿನ ಕೊನೆಯ ಅಂಕಿ ನೋಡಿದರೆ ಸಾಕು, ಎಷ್ಟು ಬಂದಿದ್ದಾನೆ ಅಂತ ಗೊತ್ತಾಗುತ್ತದೆ. ಪುಟದ ಮೇಲ್ತುದಿಯಲ್ಲಿ ದಿನಾಂಕಗಳ ಜೊತೆ ನಡೆದ ಪಾಠದ ಸಂಖ್ಯೆಯೂ ಏರುತ್ತಾ ಹೋಗುತ್ತದೆ. ಕೂಡುವುದರಲ್ಲಿ ತಪ್ಪಾದರೆ ಅಲ್ಲೇ ಕಣ್ಣಿಗೆ ಬೀಳುತ್ತದೆ. ತಿದ್ದಬೇಕಾದರೆ ಅಳಿಸುವಂತಿಲ್ಲ, ಒಂದು ಗೀಟು ಎಳೆದು ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕು. ನೀವು ಕಟ್ಟುವ ಡೇಟಾಬೇಸು ಈ ಪುಸ್ತಕಕ್ಕಿಂತ ಕಡಿಮೆ ಪ್ರಾಮಾಣಿಕವಾಗಿದ್ದರೆ ಏನು ಬಂತು?

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಒಂದು ವಿಷಯಕ್ಕೆ ಸೆಮಿಸ್ಟರಿನಲ್ಲಿ 52 ಪಾಠ ನಡೆದವು ಅಂತಿಟ್ಟುಕೊಳ್ಳಿ. ಶ್ರೀನಿವಾಸಪುರದ ಕಡೆಯ ಒಬ್ಬ ಹುಡುಗಿ 35ಕ್ಕೆ ಬಂದಿದ್ದಾಳೆ. ಎನ್ನೆಸ್ಸೆಸ್ಸಿನ ಏಳು ದಿನದ ವಿಶೇಷ ಶಿಬಿರಕ್ಕೆ ಹೋಗಿದ್ದಾಗ ಈ ವಿಷಯದ ನಾಲ್ಕು ಪಾಠ ತಪ್ಪಿದವು. ಶಿಬಿರದ ದಿನಗಳನ್ನು ಹಾಜರಿ ಅಂತ ಎಣಿಸಿದರೆ 35ಕ್ಕೆ 4 ಸೇರಿ 39 ಆಗುತ್ತದೆ. 52ರಲ್ಲಿ 39 ಅಂದರೆ ಸರಿಯಾಗಿ ಶೇಕಡ 75, ಪರೀಕ್ಷೆಗೆ ಕೂರಬಹುದು. ಆ ನಾಲ್ಕು ಪಾಠಗಳನ್ನು ಅವಳ ಲೆಕ್ಕದಿಂದಲೇ ತೆಗೆದುಬಿಟ್ಟರೆ 48ರಲ್ಲಿ 35, ಅಂದರೆ 72.9. ಪರೀಕ್ಷೆಗೆ ಕೂರುವಂತಿಲ್ಲ. ಎರಡು ರೀತಿಯಲ್ಲೂ ಶಿಬಿರಕ್ಕೆ ರಿಯಾಯಿತಿ ಕೊಟ್ಟಿದ್ದೇವೆ ಅಂತಲೇ ಹೇಳಬಹುದು. ಹುಡುಗಿಯ ಒಂದು ವರ್ಷ ಮಾತ್ರ ಆ ಭಾಗಾಕಾರದ ಮೇಲೆ ನಿಂತಿದೆ.

ಇನ್ನೊಬ್ಬನನ್ನು ನೋಡಿ. ಅವನು ತಡವಾಗಿ ಸೇರಿದವನು. ಸೇರುವ ಹೊತ್ತಿಗೆ ಎಂಟು ಪಾಠ ಮುಗಿದಿದ್ದವು. ಆಮೇಲೆ 36ಕ್ಕೆ ಬಂದ. ಇಡೀ 52ಕ್ಕೆ ಭಾಗಿಸಿದರೆ 69.2, ಸೇರಿದ ದಿನದಿಂದ ನಡೆದ 44ಕ್ಕೆ ಭಾಗಿಸಿದರೆ 81.8. ಯಾವುದು ಸರಿ? ನನಗೆ ನನ್ನದೇ ಅಭಿಪ್ರಾಯವಿದೆ, ಆದರೆ ಅದು ಲೆಕ್ಕಕ್ಕಿಲ್ಲ. ನಿಮ್ಮದೂ ಲೆಕ್ಕಕ್ಕಿಲ್ಲ. ಇದನ್ನು ತೀರ್ಮಾನಿಸಬೇಕಾದದ್ದು ವಿಶ್ವವಿದ್ಯಾಲಯದ ನಿಯಮ, ಕಾಲೇಜಿನ ಪ್ರಾಂಶುಪಾಲರು. ಪ್ರೋಗ್ರಾಂ ಬರೆಯುವವನು ರಾತ್ರಿ ಹನ್ನೊಂದು ಗಂಟೆಗೆ ಯಾರನ್ನೂ ಕೇಳದೆ `COUNT(*)` ಅಂತ ಒಂದು ಸಾಲು ಬರೆದು ತೀರ್ಮಾನಿಸುವ ವಿಷಯವಲ್ಲ ಇದು. ಹಾಜರಿ ಆ್ಯಪ್‌ಗಳಲ್ಲಿ ಹೆಚ್ಚಾಗಿ ಆಗುವುದು ಮಾತ್ರ ಅದೇ.

ಇದಕ್ಕೆ ಪ್ರಯೋಗಾಲಯದ ತಂಡಗಳನ್ನು ಸೇರಿಸಿ. ಒಂದು ತರಗತಿಯ 58 ಮಂದಿಯನ್ನು ಮೂರು ಬ್ಯಾಚ್ ಮಾಡಿರುತ್ತಾರೆ. ಸೋಮವಾರದ ಬ್ಯಾಚಿಗೆ ರಜೆಗಳು ಹೊಡೆತ ಕೊಟ್ಟು 11 ಲ್ಯಾಬ್ ಆಗಿರುತ್ತವೆ, ಗುರುವಾರದವರಿಗೆ 13. ಒಂದೇ ವಿಷಯ, ಒಂದೇ ತರಗತಿ, ಆದರೆ ಛೇದ ಬೇರೆ ಬೇರೆ. ಐಚ್ಛಿಕ ವಿಷಯ ತೆಗೆದುಕೊಂಡವರದ್ದು ಮತ್ತೊಂದು ಗುಂಪು. ಆದ್ದರಿಂದ 'ತರಗತಿ' ಅನ್ನುವುದನ್ನು ಮರೆತು 'ಗುಂಪು' ಅಂತ ಯೋಚಿಸಿ. ಪಾಠ ನಡೆಯುವುದು ಒಂದು ಗುಂಪಿಗೆ. ವಿದ್ಯಾರ್ಥಿ ಗುಂಪಿಗೆ ಸೇರುವುದು ಒಂದು ದಿನಾಂಕದಿಂದ. ಈ ಎರಡು ಮಾತು ನಿಮ್ಮ ಟೇಬಲ್‌ಗಳಲ್ಲಿ ಇದ್ದರೆ ಮುಕ್ಕಾಲು ಕೆಲಸ ಮುಗಿದಂತೆ.

```sql
CREATE TABLE session (
  id       TEXT PRIMARY KEY,
  group_id INTEGER NOT NULL,
  subject  INTEGER NOT NULL,
  held_on  TEXT NOT NULL,
  hour     INTEGER NOT NULL,
  UNIQUE (group_id, held_on, hour)
);

CREATE TABLE member (
  student_id INTEGER NOT NULL,
  group_id   INTEGER NOT NULL,
  from_date  TEXT NOT NULL,
  to_date    TEXT
);
```

ಆ `UNIQUE` ಸಾಲು ಸುಮ್ಮನೆ ಹಾಕಿದ್ದಲ್ಲ. ಒಂದು ಗುಂಪು ಒಂದೇ ಗಂಟೆಯಲ್ಲಿ ಎರಡು ಕಡೆ ಕೂರಲಾರದು. ಇಬ್ಬರು ಮೇಷ್ಟ್ರು ಪಾಠ ಅದಲು ಬದಲು ಮಾಡಿಕೊಂಡು ಇಬ್ಬರೂ ಅದೇ ಗಂಟೆಗೆ ಹಾಜರಿ ಹಾಕಿಬಿಟ್ಟರೆ, ಈ ಸಾಲು ಇಲ್ಲದ ಆ್ಯಪ್ ಎರಡನ್ನೂ ನುಂಗಿಕೊಳ್ಳುತ್ತದೆ. ಛೇದ ಸದ್ದಿಲ್ಲದೆ ಒಂದು ಹೆಚ್ಚುತ್ತದೆ.

ಬರದವರ ಹೆಸರನ್ನಷ್ಟೇ ಉಳಿಸಿದರೆ ಜಾಗ ಉಳಿಯುತ್ತದೆ ಅಂತ ಮುಳಬಾಗಿಲಿನವನು ಅವತ್ತು ಹೇಳಿದೆಯಲ್ಲಪ್ಪ, ಅದರಲ್ಲೊಂದು ಹಳ್ಳವಿದೆ. ಗೈರು ಅಂತ ಬರೆದಿಲ್ಲದವರೆಲ್ಲ ಹಾಜರು ಅಂತಾದರೆ, ತಡವಾಗಿ ಸೇರಿದವನು ತಾನು ಕಾಲೇಜು ಕಾಣದ ದಿನಗಳಲ್ಲೂ ಹಾಜರಾಗಿಬಿಡುತ್ತಾನೆ. ಜಾಗದ ಚಿಂತೆಯೂ ಬೇಡ. 58 ಮಂದಿ, ಆರು ವಿಷಯ, ವಿಷಯಕ್ಕೆ 50 ಪಾಠ ಅಂದರೂ 17,400 ಸಾಲು. ಫೋನಿನೊಳಗಿನ SQLite ಇದನ್ನು ಭಾರ ಅಂತಲೇ ಎಣಿಸುವುದಿಲ್ಲ. ಎಲ್ಲರದ್ದೂ ಬರೆದಿಡಿ.

ಶೇಕಡಾವಾರಿನಲ್ಲೇ ಇನ್ನೊಂದು ಸಣ್ಣ ಮುಳ್ಳು. 59ರಲ್ಲಿ 44 ಅಂದರೆ 74.58. ಪರದೆಯ ಮೇಲೆ ಚೆಂದ ಕಾಣಲಿ ಅಂತ ಪೂರ್ಣಾಂಕ ಮಾಡಿದರೆ 75 ಅಂತ ತೋರಿಸುತ್ತದೆ, ಹುಡುಗ ನೆಮ್ಮದಿಯಾಗಿ ಮಲಗುತ್ತಾನೆ. ಪಟ್ಟಿಯಲ್ಲಿ ಅವನ ಹೆಸರು ಬರುತ್ತದೆ. `44 / 59` ಅಂತ ಹಾಗೇ ಬರೆದರೆ SQLite ಕೊಡುವ ಉತ್ತರ 0, ಏಕೆಂದರೆ ಎರಡೂ ಪೂರ್ಣಾಂಕ. ಒಬ್ಬೊಬ್ಬರ ಬಂದ ಪಾಠ, ನಡೆದ ಪಾಠ, ಬೇಕಾದ ಕನಿಷ್ಠ ಶೇಕಡಾವಾರನ್ನು `summary` ಅಂತ ಒಂದು ಕಡೆ ಇಟ್ಟುಕೊಂಡು, ಭಾಗಿಸುವ ಗೋಜಿಗೇ ಹೋಗದೆ ಗುಣಿಸಿ ಹೋಲಿಸಿ:

```sql
SELECT attended * 100 >= held * min_percent AS eligible
FROM summary;
```

4400 ಒಂದು ಕಡೆ, 4425 ಇನ್ನೊಂದು ಕಡೆ. ಸಂಶಯಕ್ಕೆ ಎಡೆಯಿಲ್ಲ. `min_percent` ಅನ್ನು 75 ಅಂತ ಕೋಡಿನಲ್ಲಿ ಬರೆದುಬಿಡಬೇಡಿ. ನಿಮ್ಮ ಬಿಸಿಎಗೆ 75, ಪಕ್ಕದ ಎಂಜಿನಿಯರಿಂಗ್ ಕಾಲೇಜಿನಲ್ಲಿ ವಿಟಿಯು ಕೇಳುವುದು 85.

ಈಗ ನೀವು ಬಹಳ ಆಸೆಯಿಂದ ಬರೆದ ಭಾಗಕ್ಕೆ ಬರುತ್ತೇನೆ. ಪ್ರಾಕ್ಸಿ ತಡೆಯುವುದು. ಕ್ಯೂಆರ್ ಕೋಡನ್ನು ಗೋಡೆಯ ಮೇಲೆ ಮೂಡಿಸಿದರೆ ಮೊದಲ ಬೆಂಚಿನವನು ಫೋಟೋ ತೆಗೆದು ವಾಟ್ಸಾಪಿಗೆ ಹಾಕುತ್ತಾನೆ, ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಿರುವವನು ಹಾಜರಾಗುತ್ತಾನೆ. ಹತ್ತು ಸೆಕೆಂಡಿಗೊಮ್ಮೆ ಕೋಡ್ ಬದಲಿಸಿದರೆ ವಿಡಿಯೋ ಕಾಲ್ ಮಾಡುತ್ತಾರೆ. ಜಿಪಿಎಸ್ ಬಯಲಿನಲ್ಲಿ ಐದು ಮೀಟರ್ ಆಸುಪಾಸು ಸರಿ ಹೇಳುತ್ತದೆ, ಕಾಂಕ್ರೀಟ್ ಕಟ್ಟಡದೊಳಗೆ ಹತ್ತಾರು ಮೀಟರ್ ಜಾರುತ್ತದೆ. ವೃತ್ತವನ್ನು 20 ಮೀಟರಿಗೆ ಬಿಗಿದರೆ ಬೆಂಚಿನ ಮೇಲೆ ಕುಳಿತವನೇ ಹೊರಗೆ ಬೀಳುತ್ತಾನೆ, 100ಕ್ಕೆ ಸಡಿಲಿಸಿದರೆ ಕ್ಯಾಂಟೀನೂ ತರಗತಿಯೇ ಆಗುತ್ತದೆ. ಇನ್ನು ಆಂಡ್ರಾಯ್ಡ್ ಫೋನಿನ ಡೆವಲಪರ್ ಆಯ್ಕೆಗಳಿಗೆ ಹೋಗಿ ಹುಸಿ ಸ್ಥಳ ತೋರಿಸುವುದು ನಿಮಗೇ ಗೊತ್ತು, ನನ್ನಿಂದ ಹೇಳಿಸಬೇಡಿ.

ಮುಖ ಗುರುತಿಸುವುದಕ್ಕೆ ಬರೀ ಗುಣಾಕಾರ ಸಾಕು. ನೂರಕ್ಕೆ 98 ಸಲ ಸರಿಯಾಗಿ ಹೇಳುವ ಮಾದರಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ. 58 ಮಂದಿಯಲ್ಲಿ ಪ್ರತಿ ಪಾಠಕ್ಕೂ ಸರಾಸರಿ ಒಬ್ಬರ ಲೆಕ್ಕ ತಪ್ಪುತ್ತದೆ. ದಿನಕ್ಕೆ ಐದು ಪಾಠವಾದರೆ ಐದಾರು ತಪ್ಪು. ಅದನ್ನು ತಿದ್ದುವವರು ಯಾರು? ಅದೇ ಮೇಷ್ಟ್ರು, ಅದೇ ಹೆಸರು ಕೂಗಿ.

ಇದು ಕಾಲೇಜು ಹುಡುಗರ ತುಂಟತನ ಮಾತ್ರ ಅಂದುಕೊಳ್ಳಬೇಡಿ. ನರೇಗಾ ಕೆಲಸದ ಹಾಜರಿಗೆ ಕೇಂದ್ರ ಸರ್ಕಾರ 2021ರಲ್ಲಿ ಎನ್‌ಎಂಎಂಎಸ್ ಅಂತ ಒಂದು ಆ್ಯಪ್ ತಂದಿತು. 2023ರ ಜನವರಿಯಿಂದ ವೈಯಕ್ತಿಕ ಫಲಾನುಭವಿಗಳ ಕಾಮಗಾರಿ ಬಿಟ್ಟು ಉಳಿದೆಲ್ಲದಕ್ಕೂ ಕಡ್ಡಾಯ ಮಾಡಿತು. ದಿನಕ್ಕೆರಡು ಸಲ ಕೆಲಸಗಾರರ ಫೋಟೋ, ಜೊತೆಗೆ ಸ್ಥಳದ ಗುರುತು. ಬದು ಹಾಕುವ, ಕೆರೆ ಹೂಳೆತ್ತುವ ಕಡೆಗಳಲ್ಲಿ ಸಿಗ್ನಲ್ಲಿಗಾಗಿ ಫೋನನ್ನು ಮೇಲೆತ್ತಿ ಓಡಾಡುವವರನ್ನು ನಿಮ್ಮೂರುಗಳಲ್ಲಿ ನೀವೂ ನೋಡಿರಬಹುದು. 2025ರ ಜುಲೈಯಲ್ಲಿ ಅದೇ ಗ್ರಾಮೀಣಾಭಿವೃದ್ಧಿ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೆದು ದುರ್ಬಳಕೆಯ ಬಗೆಗಳನ್ನು ಪಟ್ಟಿ ಮಾಡಿತು. ಕೆಲಸಕ್ಕೆ ಸಂಬಂಧವೇ ಇಲ್ಲದ ಫೋಟೋ ಹಾಕುವುದು, ಫೋಟೋದ ಫೋಟೋ ತೆಗೆದು ಹಾಕುವುದು, ಚಿತ್ರದಲ್ಲಿರುವ ತಲೆಗೂ ಹಾಜರಿಯಲ್ಲಿರುವ ಹೆಸರಿಗೂ ತಾಳೆಯಾಗದಿರುವುದು. ಕೊನೆಗೆ ಫೋಟೋಗಳನ್ನು ಮನುಷ್ಯರೇ ಕೂತು ಪರಿಶೀಲಿಸಬೇಕು ಅಂತ ಸೂಚನೆ ಹೋಯಿತು. ಒಂದು ದೇಶದ ಆಡಳಿತಕ್ಕೇ ಇಷ್ಟು ಕಷ್ಟವಾದದ್ದನ್ನು ನೀವು ನಾಲ್ವರು ಹದಿನಾರು ವಾರದಲ್ಲಿ, ನಡುವೆ ಎರಡು ಕಿರುಪರೀಕ್ಷೆ ಬರೆದುಕೊಂಡು, ಗೆಲ್ಲುತ್ತೇವೆ ಅಂತ ಬರೆದುಕೊಡಬೇಡಿ. ತರಗತಿಯಲ್ಲಿ ಮೇಷ್ಟ್ರ ಕಣ್ಣಿದೆ. ಅದನ್ನೇ ನಂಬಿ ಮುಂದಿನದ್ದನ್ನು ಚೆನ್ನಾಗಿ ಮಾಡಿ.

ಮುಖದ ಚಿತ್ರ ಇಟ್ಟುಕೊಳ್ಳುವುದಕ್ಕೆ ಇನ್ನೊಂದು ಅಡ್ಡಿಯೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಹದಿನೆಂಟು ತುಂಬದವರನ್ನು ಮಕ್ಕಳು ಅಂತಲೇ ಎಣಿಸುತ್ತದೆ, ಅವರ ಮಾಹಿತಿಗೆ ಹೆತ್ತವರ ಒಪ್ಪಿಗೆ ಕೇಳುತ್ತದೆ. ಮೊದಲ ಸೆಮಿಸ್ಟರಿನಲ್ಲಿ ಹದಿನೇಳರವರು ಇರುತ್ತಾರೆ. ಅವರ ಮುಖಗಳೆಲ್ಲ ನಿಮ್ಮಲ್ಲೊಬ್ಬರ ಲ್ಯಾಪ್‌ಟಾಪಿನಲ್ಲಿ ಕೂರುವುದು ಬೇಡ. ಎಸ್ಸೆಮ್ಮೆಸ್ಸೂ ಬಿಡಿ. ಗುಂಪಾಗಿ ಕಳಿಸಬೇಕಾದರೆ ಟ್ರಾಯ್ ನಿಯಮದ ಪ್ರಕಾರ ಸಂಸ್ಥೆಯ ಹೆಸರು, ಕಳಿಸುವವರ ಗುರುತು, ಸಂದೇಶದ ನಮೂನೆ ಎಲ್ಲವನ್ನೂ ಮೊದಲೇ ನೋಂದಾಯಿಸಬೇಕು. ಅದನ್ನು ಮಾಡಿಸಬೇಕಾದದ್ದು ಕಾಲೇಜು, ನೀವಲ್ಲ.

ಹಾಗಾದರೆ ವ್ಯಾಪ್ತಿ ಅಂತ ಏನು ಬರೆಯಬೇಕು? ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: 'ಬಿಸಿಎ ಎರಡನೆಯ ವರ್ಷದ ಒಂದು ತರಗತಿಯ 58 ವಿದ್ಯಾರ್ಥಿಗಳಿಗೆ, ಮೂವರು ಅಧ್ಯಾಪಕರು, ಮೂರು ವಿಷಯ ಮತ್ತು ಒಂದು ಲ್ಯಾಬಿನ ಹಾಜರಿಯನ್ನು ಇಂಟರ್ನೆಟ್ ಇಲ್ಲದಿದ್ದರೂ ತಮ್ಮ ಫೋನಿನಲ್ಲಿ ಹಾಕುತ್ತಾರೆ. ಪ್ರತಿ ಶನಿವಾರ ಕೊರತೆಯವರ ಪಟ್ಟಿ ಹೊರಡುತ್ತದೆ. ಪಟ್ಟಿಯಲ್ಲಿರುವ ಪ್ರತಿ ಹೆಸರಿಗೂ ನಡೆದ ಪಾಠ, ಬಂದ ಪಾಠ, ರಿಯಾಯಿತಿ ಕೊಟ್ಟ ಪಾಠ ಯಾವ ಯಾವ ದಿನದ್ದು ಅಂತ ತೋರಿಸುತ್ತದೆ. ಪ್ರಾಕ್ಸಿ ತಡೆ, ಮುಖ ಗುರುತು, ಸ್ಥಳ, ಎಸ್ಸೆಮ್ಮೆಸ್ ಇದರಲ್ಲಿ ಇಲ್ಲ.' ಇಲ್ಲದ್ದನ್ನು ಬರೆಯುವುದಕ್ಕೆ ನಾಚಿಕೆ ಬೇಡ. ವೈವಾದಲ್ಲಿ ಹೊರಗಿನ ಪರೀಕ್ಷಕರು 'ಮುಖ ಗುರುತಿಸುವುದನ್ನು ಯಾಕೆ ಮಾಡಲಿಲ್ಲ?' ಅಂತ ಕೇಳಿದಾಗ ಆ 58ರ ಗುಣಾಕಾರವನ್ನು ಹೇಳಿ.

ಇನ್ನು ಮೈಲಿಗಲ್ಲುಗಳು. ನೀವು 'ಮೊದಲ ತಿಂಗಳು ಅಧ್ಯಯನ, ಎರಡನೆಯ ತಿಂಗಳು ವಿನ್ಯಾಸ, ಮೂರನೆಯದು ಕೋಡಿಂಗ್, ನಾಲ್ಕನೆಯದು ಟೆಸ್ಟಿಂಗ್' ಅಂತ ಬರೆದಿದ್ದೀರಿ. ಕೋಡಿಂಗ್ ಮುಗಿಯಿತು ಅಂತ ಯಾರು, ಹೇಗೆ ಹೇಳುವುದು? ಮೈಲಿಗಲ್ಲು ಅಂದರೆ ಬೇರೆಯವರು ಬಂದು ಮುಟ್ಟಿ ನೋಡುವಂತಿರಬೇಕು. ಎರಡನೆಯ ವಾರದ ಕೊನೆಗೆ ನಿಮ್ಮ ಕೈಯಲ್ಲಿ ಒಂದೇ ಒಂದು ಹಾಳೆ ಇರಲಿ. ತಡವಾಗಿ ಸೇರಿದವರ ಲೆಕ್ಕ ಯಾವತ್ತಿನಿಂದ, ಎನ್ನೆಸ್ಸೆಸ್ ಮತ್ತು ಕ್ರೀಡೆಗೆ ಹೋದವರನ್ನು ಹಾಜರಿಗೆ ಸೇರಿಸುವುದೋ ಛೇದದಿಂದ ಕಳೆಯುವುದೋ, ಹೆಚ್ಚುವರಿ ಪಾಠ ಎಣಿಕೆಗಿದೆಯೋ, ತಡವಾಗಿ ಬಂದವರು ಹಾಜರೋ, ಹಾಕಿದ ಹಾಜರಿಯನ್ನು ಎಷ್ಟು ದಿನದೊಳಗೆ ತಿದ್ದಬಹುದು. ಈ ಐದು ಪ್ರಶ್ನೆಗೆ ವಿಭಾಗದ ಮುಖ್ಯಸ್ಥರು ಉತ್ತರ ಬರೆದು ಸಹಿ ಮಾಡಿರಬೇಕು. ಇದಕ್ಕೆ ಎರಡು ವಾರ ಯಾಕೆ ಅಂತ ಕೇಳಬೇಡಿ, ಸಹಿಗೆ ಅಲೆದ ಮೇಲೆ ಗೊತ್ತಾಗುತ್ತದೆ.

ನಾಲ್ಕನೆಯ ವಾರಕ್ಕೆ ಆ್ಯಪ್ ಬೇಡ. ಕಳೆದ ಸೆಮಿಸ್ಟರಿನ ಒಂದು ವಿಷಯದ ಹಾಜರಿ ಪುಸ್ತಕವನ್ನು ಅನುಮತಿ ಪಡೆದು, ಹೆಸರಿನ ಬದಲು ಕ್ರಮಸಂಖ್ಯೆ ಮಾತ್ರ ಇಟ್ಟುಕೊಂಡು ಟೇಬಲ್‌ಗಳಿಗೆ ತುಂಬಿ. ನಿಮ್ಮ ಕ್ವೆರಿ ಹೊರಡಿಸುವ ಕೊರತೆ ಪಟ್ಟಿಯನ್ನು ಅವತ್ತು ನೋಟೀಸ್ ಬೋರ್ಡಿನಲ್ಲಿದ್ದ ಪಟ್ಟಿಯ ಪಕ್ಕ ಇಟ್ಟು ನೋಡಿ. ಮೊದಲ ಸಲಕ್ಕೆ ತಾಳೆಯಾದರೆ ನನಗೆ ಅನುಮಾನ ಬರುತ್ತದೆ. ತಾಳೆಯಾಗದ ಪ್ರತಿ ಹೆಸರಿಗೂ ಕಾರಣ ಹುಡುಕಿ ಬರೆದಿಡಿ. ನಿಮ್ಮ ವರದಿಯಲ್ಲಿ ಓದಲು ಯೋಗ್ಯವಾದ ಅಧ್ಯಾಯ ಅದೇ ಆಗುತ್ತದೆ.

ಏಳನೆಯ ವಾರಕ್ಕೆ ಒಬ್ಬರು ಮೇಷ್ಟ್ರು, ಒಂದು ಫೋನು. ನಾನು 58 ಹೆಸರು ಕೂಗುವುದಕ್ಕೆ ಸುಮಾರು ಮೂರು ನಿಮಿಷ ಬೇಕಾಗುತ್ತಿತ್ತು. ಎಲ್ಲರೂ ಹಾಜರು ಅಂತ ತೋರಿಸಿ, ಬರದವರನ್ನು ಮಾತ್ರ ಮುಟ್ಟಿ ಉಳಿಸುವ ಪರದೆಯಾದರೆ ಒಂದು ನಿಮಿಷದೊಳಗೆ ಮುಗಿಯಬೇಕು. ಗಡಿಯಾರ ಹಿಡಿದು ನೋಡಿ. ಮೂರು ನಿಮಿಷಕ್ಕಿಂತ ಹೆಚ್ಚಾದರೆ ಆ ಮೇಷ್ಟ್ರು ಎರಡನೆಯ ವಾರ ಪುಸ್ತಕಕ್ಕೆ ಮರಳುತ್ತಾರೆ, ಅವರನ್ನು ಬೈದು ಪ್ರಯೋಜನವಿಲ್ಲ. 'ಉಳಿಸು' ಅಂತ ಒತ್ತುವವರೆಗೂ ಆ ಪಾಠದ ಒಂದು ಸಾಲೂ ಡೇಟಾಬೇಸಿಗೆ ಹೋಗಬಾರದು. ಪರದೆ ತೆರೆದು ಸುಮ್ಮನೆ ಮುಚ್ಚಿದರೂ ಎಲ್ಲರೂ ಹಾಜರಾದ ಒಂದು ಪಾಠ ಹುಟ್ಟಿಕೊಳ್ಳುವ ಆ್ಯಪನ್ನು ನಾನು ಕಂಡಿದ್ದೇನೆ.

ಹತ್ತನೆಯ ವಾರಕ್ಕೆ ಮೂರು ಫೋನು, ಒಂದು ಸರ್ವರ್. ಪರೀಕ್ಷೆ ಸುಲಭ. ಅವುಗಳಲ್ಲಿ ಎರಡು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಒಂದೇ ಗುಂಪಿಗೆ ಒಂದೇ ಗಂಟೆಗೆ ಎರಡರಲ್ಲೂ ಬೇರೆ ಬೇರೆ ಹಾಜರಿ ಹಾಕಿ, ಆಮೇಲೆ ನೆಟ್ ಕೊಡಿ. ಎರಡನೆಯದು ಮೊದಲನೆಯದನ್ನು ಸದ್ದಿಲ್ಲದೆ ಅಳಿಸಿದರೆ ಕೆಲಸ ಮುಗಿದಿಲ್ಲ. 'ಈ ಗಂಟೆಗೆ ಈಗಾಗಲೇ ಹಾಜರಿ ಇದೆ' ಅಂತ ಎರಡನ್ನೂ ಅಧ್ಯಾಪಕರ ಮುಂದಿಟ್ಟು ಕೇಳಬೇಕು. ಇದು ಹತ್ತನೆಯ ವಾರಕ್ಕೂ ಆಗದಿದ್ದರೆ ಏನು ಅನ್ನುವುದನ್ನೂ ಪ್ರಸ್ತಾವನೆಯಲ್ಲೇ ಬರೆಯಿರಿ: ಸರ್ವರ್ ಕೈಬಿಟ್ಟು, ಪ್ರತಿ ಫೋನಿನಿಂದ ಶನಿವಾರ ಒಂದು ಸಿಎಸ್‌ವಿ ಕಡತ ತೆಗೆದು ಒಂದು ಕಂಪ್ಯೂಟರಿನಲ್ಲಿ ಕೂಡಿಸುತ್ತೇವೆ. ಅದರಿಂದ ಮಾನ ಹೋಗುವುದಿಲ್ಲ.

ಹನ್ನೊಂದನೆಯ ವಾರ ಕಿರುಪರೀಕ್ಷೆ, ಏನನ್ನೂ ಇಡಬೇಡಿ. ಹನ್ನೆರಡರಿಂದ ಹದಿನೈದು, ನಾಲ್ಕು ವಾರ ಪೂರ್ತಿ, ಪುಸ್ತಕವೂ ನಡೆಯಲಿ, ಆ್ಯಪೂ ನಡೆಯಲಿ. ಪ್ರತಿ ಶನಿವಾರ ಎರಡನ್ನೂ ಹೋಲಿಸಿ ಎಷ್ಟು ಕಡೆ ವ್ಯತ್ಯಾಸ ಅಂತ ಬರೆದಿಡಿ. ನನ್ನ ಕೈಕೆಳಗೆ ಒಂದು ತಂಡ ಈ ನಾಲ್ಕು ವಾರವನ್ನು ನಾಲ್ಕು ದಿನ ಮಾಡಿತ್ತು, ನಾನೂ ಸುಮ್ಮನಿದ್ದೆ. ಪ್ರದರ್ಶನದ ದಿನ ಪರದೆಯ ಮೇಲೆ ಒಬ್ಬ ಹುಡುಗಿಗೆ ಶೇಕಡ 103 ಹಾಜರಿ ಬಂತು. ಲ್ಯಾಬ್ ಬ್ಯಾಚ್ ಬದಲಿಸಿದ್ದಳು. ಎರಡೂ ಬ್ಯಾಚಿನಲ್ಲಿ ಬಂದ ಲ್ಯಾಬುಗಳೆಲ್ಲ ಅಂಶಕ್ಕೆ ಸೇರಿದ್ದವು, ಛೇದದಲ್ಲಿ ಹೊಸ ಬ್ಯಾಚಿನದ್ದು ಮಾತ್ರ ಇತ್ತು. ಮೇಲಿನ ಟೇಬಲ್ಲಿನಲ್ಲಿ `to_date` ಯಾಕೆ ಬಂತು ಅಂತ ಈಗ ತಿಳಿಯಿತಲ್ಲ.

ತಡವಾಗಿ ಬರುವವರ ಪ್ರಶ್ನೆಯನ್ನು ನೀವು ಮೂವರು ನಿಮ್ಮ ಅನುಭವದಿಂದಲೇ ಬರೆಯಬಹುದು, ಬಸ್ಸಿಗೆ ಬರುವವರು ನೀವೇ. ಮುಳಬಾಗಿಲಿನ ಬಸ್ಸು ಹೆದ್ದಾರಿಯಲ್ಲಿ ಸಿಕ್ಕಿಹಾಕಿಕೊಂಡ ದಿನ ಮೊದಲ ಗಂಟೆಗೆ ಯಾರ ಯಾರ ಹೆಸರಿನ ಮುಂದೆ A ಬೀಳುತ್ತದೆ ಅಂತ ನಿಮಗೆ ಗೊತ್ತು. ಹಾಜರಿ ಹಾಕಿದ ಮೇಲೆ ಅದೇ ಗಂಟೆಯೊಳಗೆ ಮೇಷ್ಟ್ರು ಬದಲಿಸಬಹುದು ಅಂತಿಡಿ. ಆಮೇಲೆ ಬದಲಿಸಿದರೆ ಹಳೆಯದೂ ಉಳಿಯಬೇಕು, ಯಾರು, ಯಾವಾಗ, ಯಾಕೆ ಅನ್ನುವುದೂ ಉಳಿಯಬೇಕು. ಹಳೆಯ ಪುಸ್ತಕದ ಗೀಟು ಮತ್ತು ಚಿಕ್ಕ ಸಹಿ, ಅಷ್ಟೇ.

ಹನ್ನೊಂದು ಪುಟವನ್ನು ನಾಲ್ಕಕ್ಕೆ ಇಳಿಸಿ. ಮೊದಲ ಪುಟದಲ್ಲಿದ್ದ ತಂತ್ರಜ್ಞಾನದ ಮಹಿಮೆಯನ್ನು ಪೂರ್ತಿ ತೆಗೆಯಿರಿ. ಮುಂದಿನ ಭಾನುವಾರ ಬರುವಾಗ ಆ ಐದು ಪ್ರಶ್ನೆಯ ಹಾಳೆ ತನ್ನಿ, ಸಹಿ ಆಗಿರದಿದ್ದರೂ ಪರವಾಗಿಲ್ಲ. ನನ್ನ ಹಳೆಯ ಹಾಜರಿ ಪುಸ್ತಕ ಒಂದು ಅಟ್ಟದ ಮೇಲಿರಬೇಕು, ಹುಡುಕಿ ಇಟ್ಟಿರುತ್ತೇನೆ.